ಕ್ಷಮೆ ಕೇಳುವ ಪತ್ರದಲ್ಲಿ ನಿಮ್ಮ ವಕಾಲತ್ತು ಬೇಡ

ಪ್ರಶ್ನೆ: ಅಕ್ಕನ ಮಗಳ ಮದುವೆಗೆ ದುಡ್ಡು ಕೊಟ್ಟ ವಿಷಯಕ್ಕೆ ಜಗಳವಾಗಿ, ಅಮ್ಮನ ಎದುರಿಗೇ ಹೆಂಡತಿಗೆ ‘ನಿಮ್ಮಪ್ಪ ಏನು ಕೊಟ್ಟಿದ್ದಾನೆ ಅಂತ ಇಲ್ಲಿ ಲೆಕ್ಕ ಕೇಳ್ತೀಯ’ ಅಂದುಬಿಟ್ಟೆ. ತವರಿಗೆ ಹೋಗಿದ್ದಾಳೆ, ಫೋನ್ ಎತ್ತುತ್ತಿಲ್ಲ. ಈ ಪತ್ರ ಕಳಿಸಲೇ? ‘ಕೋಪದಲ್ಲಿ ಬಾಯಿ ತಪ್ಪಿ ಏನೋ ಮಾತು ಬಂತು. ನಿನಗೆ ಬೇಜಾರಾಗಿದ್ದರೆ ಸಾರಿ. ಆದರೆ ನೀನೂ ಅಮ್ಮನ ಮುಂದೆ ಹಾಗೆ ಕೇಳಬಾರದಿತ್ತು. ಮಗೂಗೋಸ್ಕರವಾದರೂ ಕ್ಷಮಿಸಿ ಬೇಗ ಬಾ.’

ಉತ್ತರ: ಕಳಿಸಬೇಡಿ. ವಾರಕ್ಕೊಂದು ಇಂಥ ಪತ್ರ ನನ್ನ ಮೇಜಿಗೆ ಬರುತ್ತದೆ, ಎಲ್ಲದರಲ್ಲೂ ಇವೇ ನಾಲ್ಕು ವಾಕ್ಯ. ಮಾತು ತಾನಾಗಿ ಬರಲಿಲ್ಲ, ನೀವು ಆಡಿದಿರಿ. ‘ಬೇಜಾರಾಗಿದ್ದರೆ’ ಎಂದರೆ ಆಗಿದೆಯೋ ಇಲ್ಲವೋ ಎಂಬ ಅನುಮಾನ ನಿಮಗಿನ್ನೂ ಇದೆ ಎಂದಾಯಿತು. ಮೂರನೆಯ ವಾಕ್ಯ ಜಗಳವನ್ನು ಮತ್ತೆ ಶುರುಮಾಡುತ್ತದೆ. ನಾಲ್ಕನೆಯದು ಮಗುವನ್ನು ಮುಂದಿಟ್ಟು ಹಾಕುವ ಒತ್ತಡ.

ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಅವತ್ತು ಮಾವನವರನ್ನು ‘ಕೊಟ್ಟಿದ್ದಾನೆ’ ಎಂದು ಏಕವಚನದಲ್ಲಿ ಅಂದಿದ್ದೀರಿ. ಪತ್ರದಲ್ಲಿ ಅದನ್ನು ‘ಕೊಟ್ಟಿದ್ದಾರೆ’ ಎಂದು ತಿದ್ದಿದರೆ ನಿಮ್ಮ ಹೆಂಡತಿಗೆ ತಕ್ಷಣ ಗೊತ್ತಾಗುತ್ತದೆ, ನೀವು ತಪ್ಪನ್ನು ಚಿಕ್ಕದು ಮಾಡುತ್ತಿದ್ದೀರಿ ಎಂದು. ಆ ಮಾತು ಹೆಣ್ಣಿನ ಕಿವಿಗೆ ವರದಕ್ಷಿಣೆಯ ಚುಚ್ಚುಮಾತಾಗಿಯೇ ಕೇಳುತ್ತದೆ, ನಿಮ್ಮ ಮನಸ್ಸಿನಲ್ಲಿ ಏನೇ ಇದ್ದಿರಲಿ.

ಪತ್ರಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಅಮ್ಮನ ಎದುರು ಆಡಿದ್ದನ್ನು ಅಮ್ಮನ ಎದುರೇ ವಾಪಸು ತೆಗೆದುಕೊಳ್ಳಬೇಕು. ಅದಾಗದೆ ಗುಟ್ಟಾಗಿ ಬರೆದ ಕ್ಷಮಾಪಣೆಯಿಂದ ಅತ್ತೆಯ ಕಣ್ಣಲ್ಲಿ ಅವರ ಸ್ಥಾನ ಸರಿಯಾಗುವುದಿಲ್ಲ. ಆಮೇಲೆ ಹೀಗೆ ಬರೆಯಬಹುದು:

‘ಭಾನುವಾರ ರಾತ್ರಿ ಅಮ್ಮನ ಎದುರಿಗೆ “ನಿಮ್ಮಪ್ಪ ಏನು ಕೊಟ್ಟಿದ್ದಾನೆ ಅಂತ ಇಲ್ಲಿ ಲೆಕ್ಕ ಕೇಳ್ತೀಯ” ಎಂದು ನಾನು ಅಂದೆ. ಅದು ತಪ್ಪು. ನಮ್ಮಿಬ್ಬರ ಉಳಿತಾಯದ ಲೆಕ್ಕ ಕೇಳುವ ಹಕ್ಕು ನಿನಗಿದೆ. ಉತ್ತರ ಕೊಡುವ ಬದಲು ನಿಮ್ಮಪ್ಪನನ್ನು ಎಳೆದು ತಂದು ನಿನ್ನ ಬಾಯಿ ಮುಚ್ಚಿಸಿದೆ. ಈ ಮನೆಯಲ್ಲಿ ನೀನು ಹೊರಗಿನವಳು ಎಂದು ಎಲ್ಲರೆದುರು ಸಾರಿದ ಹಾಗಾಯಿತು. ನಾನು ಅಂದದ್ದು ತಪ್ಪು, ನೀನು ಕೇಳಿದ್ದು ಸರಿ ಎಂದು ಅಮ್ಮನಿಗೆ ನಿನ್ನೆ ಹೇಳಿದ್ದೇನೆ. ಮದುವೆಗೆ ಕೊಟ್ಟ ಹಣದ ಲೆಕ್ಕ, ಬ್ಯಾಂಕಿನ ಸ್ಟೇಟ್‌ಮೆಂಟ್ ಸಮೇತ, ಇದರ ಜೊತೆ ಇಟ್ಟಿದ್ದೇನೆ. ಇದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ.’

ಇಷ್ಟೇ, ಒಂದು ಪುಟದ ಒಳಗೆ. ಅಮ್ಮನಿಗೆ ಹೇಳದಿದ್ದರೆ ಆ ವಾಕ್ಯ ಬರೆಯಬೇಡಿ, ಸುಳ್ಳು ಒಂದೇ ಫೋನಿನಲ್ಲಿ ಬಯಲಾಗುತ್ತದೆ. ‘ಕ್ಷಮಿಸು’ ಎಂಬುದು ಇಲ್ಲಿ ಇಲ್ಲದ್ದು ನೋಡಿ ಗಾಬರಿಯಾಗಬೇಡಿ. ಅಮೆರಿಕದ ಸಂಶೋಧಕ ರಾಯ್ ಲೆವಿಕಿ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಷಮಾಪಣೆಯ 6 ಅಂಶಗಳನ್ನು ತೂಗಿ ನೋಡಿದಾಗ, ಹೊಣೆ ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಹೆಚ್ಚು ತೂಗಿತು, ಕ್ಷಮೆಯ ಬೇಡಿಕೆ ಎಲ್ಲಕ್ಕಿಂತ ಕಡಿಮೆ. ಅದು ಉದ್ಯೋಗದ ಸನ್ನಿವೇಶ ಇಟ್ಟುಕೊಂಡು ಮಾಡಿದ್ದು, ಆದರೂ ದಂಪತಿಗಳಲ್ಲಿ ನಾನು ಕಾಣುವುದು ಇದನ್ನೇ.

ಕೈಯಲ್ಲಿ ಬರೆದು, ಲಕೋಟೆಗೆ ಹಾಕಿ, ಅವರ ಹೆಸರಿಗೇ ಅಂಚೆಯಲ್ಲಿ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನೀಲಿ ಗೆರೆ ನೋಡುತ್ತ ಕೂರುತ್ತೀರಿ, ಅರ್ಧ ಗಂಟೆಗೆ ‘ಓದಿದೆಯಾ?’ ಎಂದು ಕೇಳಿ ಎಲ್ಲ ಕೆಡಿಸುತ್ತೀರಿ. ಭಾವಮೈದುನನ ಕೈಗೆ ಕೊಟ್ಟರೆ ಅವರಿಗಿಂತ ಮೊದಲು ಮನೆಮಂದಿ ಓದುತ್ತಾರೆ. ಕಳಿಸಿದ ಮೇಲೆ ಮಗುವಿನ ಫೀಸು, ಮನೆಖರ್ಚು ಎಂದಿನಂತೆ ನಡೆಯಲಿ, ಪತ್ರದ ಸುದ್ದಿ ಎತ್ತಬೇಡಿ. ಮೂರನೇ ದಿನಕ್ಕೆ ‘ಇಷ್ಟೆಲ್ಲ ಬರೆದರೂ ಬರಲಿಲ್ಲವಲ್ಲ’ ಎಂದು ಸಿಟ್ಟು ಬಂದರೆ, ನೀವು ಬರೆದದ್ದು ಅವರನ್ನು ವಾಪಸು ಕರೆಸಲು ಎಂದು ತಿಳಿಯಿರಿ. ಆ ಸಿಟ್ಟಿನಲ್ಲಿ ಎರಡನೇ ಪತ್ರ ಬೇಡ. ಅವರ ತಪ್ಪೂ ಇದ್ದರೆ ಅದನ್ನು ಬೇರೆ ದಿನ, ಎದುರುಬದುರು ಕೂತು ಮಾತಾಡಿ.

ಪ್ರಶ್ನೆ: ಗಂಡನಿಗೆ ಬರೆದ ಪತ್ರವನ್ನು ಮಂತ್ರಿಸಿ ಕೊಟ್ಟರೆ ಮನಸ್ಸು ಕರಗುತ್ತದೆ ಎಂದು ಒಬ್ಬರು 5,000 ರೂಪಾಯಿ ಕೇಳಿದ್ದಾರೆ. ಕೊಡಲೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ವಶೀಕರಣದ ಹೆಸರಿನಲ್ಲಿ ಇವರು ನಿಮ್ಮ ಮನೆಯ ಗುಟ್ಟು ತಿಳಿದುಕೊಂಡು ಮತ್ತೆ ಮತ್ತೆ ದುಡ್ಡು ಕೀಳುತ್ತಾರೆ.

ಪ್ರಶ್ನೆ: ನೆಟ್‌ನಲ್ಲಿ ಸಿಗುವ ಸಾರಿ ಕವನ ಸಾಲದೇ?

ಉತ್ತರ: ಸಾಲದು. ನೀವು ಮಾಡಿದ್ದು ಅದರಲ್ಲಿ ಬರೆದಿರುವುದಿಲ್ಲ.

ಪ್ರಶ್ನೆ: ಜಗಳದಲ್ಲಿ ಹೆಂಡತಿಯ ಮೇಲೆ ಕೈ ಮಾಡಿದ್ದೇನೆ. ಪತ್ರ ಹೇಗೆ ಬರೆಯಲಿ?

ಉತ್ತರ: ಹೊಡೆತಕ್ಕೆ ಪತ್ರ ಪರಿಹಾರವಲ್ಲ. ಸಂಪರ್ಕಿಸಬೇಡ ಎಂದು ಅವರು ಹೇಳಿದ್ದರೆ, ಅಥವಾ ನ್ಯಾಯಾಲಯದ ಆದೇಶ ಇದ್ದರೆ, ಒಂದು ಸಾಲೂ ಬರೆಯಬೇಡಿ. ಮೊದಲು ನೀವೊಬ್ಬರೇ ಆಪ್ತಸಮಾಲೋಚಕರನ್ನು ಕಾಣಿ. ಏಟು ತಿಂದವರು ಇದನ್ನು ಓದುತ್ತಿದ್ದರೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.