ರಜೆಗೆ ಹೋದರೂ ಫೋನ್ ಬಿಡುವುದಿಲ್ಲ

ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮುಂದಿನ ತಿಂಗಳು ತಮ್ಮನ ಮದುವೆ, 5ರಿಂದ 16ರವರೆಗೆ ರಜೆ ಹಾಕಿದ್ದೇನೆ. ಕಳೆದ ಸಲ ರಜೆಗೆ ಹೋದಾಗ ಜೂನಿಯರ್ ಹುಡುಗನಿಗೆ ಕೆಲಸದ ಪಟ್ಟಿ ಬರೆದುಕೊಟ್ಟಿದ್ದೆ. ಆದರೂ ದಿನಕ್ಕೆ ಹತ್ತು ಸಲ ಫೋನ್. ಅಷ್ಟಾಗಿಯೂ ನಾನು ತಡೆಹಿಡಿದಿದ್ದ ಒಂದು ಬಿಲ್ಲಿಗೆ ದುಡ್ಡು ಕಟ್ಟಿಬಿಟ್ಟ. ಇನ್ನೊಂದು ಕಡೆ, ಎಲ್ಲ ಅವನಿಗೆ ಹೇಳಿಕೊಟ್ಟರೆ ನನ್ನ ಬೆಲೆ ಕಡಿಮೆಯಾಗುತ್ತಾ ಅನ್ನುವ ಅಳುಕೂ ಇದೆ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಆ ಹುಡುಗನನ್ನು ಬೈಯುವ ಮೊದಲು ನೀವು ಕೊಟ್ಟ ಪಟ್ಟಿಯನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ‘ಕಾಸ್ಟಿಂಗ್ ಸಪ್ಲೈಯರ್ ಬಿಲ್ – ಪೆಂಡಿಂಗ್’ ಅಂತ ಇದ್ದಿರಬಹುದು, ಅಲ್ವಾ? ಪೆಂಡಿಂಗ್ ಅಂದರೆ ಕಟ್ಟಬೇಕು ಅಂತ ಅವನು ಅಂದುಕೊಂಡ. ಕಟ್ಟಬಾರದು ಅನ್ನುವುದು ನಿಮ್ಮ ತಲೆಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ.

ಈ ಸಲ ಅಂಥ ಬಿಲ್ಲಿಗೆ ಹೀಗೆ ಬರೆಯಿರಿ: ‘ಬಿಲ್ 1,84,000. ಅದರಲ್ಲಿ 23,600 ರೂಪಾಯಿ ಮಾಲು ತೂತು ಬಿದ್ದು ವಾಪಸ್ ಹೋಗಿದೆ. ಡೆಬಿಟ್ ನೋಟ್ ತಯಾರಾಗಿದೆ, ಮಾಲೀಕರ ಸಹಿ ಬಾಕಿ. ಸಹಿಯಾಗಿ ಸಪ್ಲೈಯರ್ ಒಪ್ಪಿದ ಮೇಲೆ 1,60,400 ಕಟ್ಟು. ಅಲ್ಲಿಯವರೆಗೆ ಒಂದು ಪೈಸೆಯೂ ಬೇಡ. ಅವರು ಫೋನ್ ಮಾಡಿಯೇ ಮಾಡುತ್ತಾರೆ. ಡೆಬಿಟ್ ನೋಟ್ ಬರುತ್ತಿದೆ ಅಂತಷ್ಟೇ ಹೇಳು, ತಾರೀಕು ಕೊಡಬೇಡ.’ ಬರೆಯಲು ಐದು ನಿಮಿಷ ಹಿಡಿಯಬಹುದು. ಯಾಕೆ ನಿಂತಿದೆ, ಎಲ್ಲಿಗೆ ಬಂದು ನಿಂತಿದೆ, ಮುಂದೆ ಏನು ಅನ್ನುವುದೆಲ್ಲ ಅದರಲ್ಲೇ ಬಂತು.

ಎಲ್ಲ ಕೆಲಸಕ್ಕೂ ಇಷ್ಟು ಬೇಕಿಲ್ಲ. ನೀವಿಲ್ಲದ ದಿನಗಳಲ್ಲಿ ಬರುವ ತಾರೀಕುಗಳನ್ನು ಮಾತ್ರ ನೋಡಿ. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ. ತಪ್ಪಿದರೆ ಏನಾಗುತ್ತದೆ ಅಂತಲೂ ಪಕ್ಕದಲ್ಲಿ ಬರೆಯಿರಿ. ಟಿಡಿಎಸ್ ತಡವಾದರೆ ತಿಂಗಳಿಗೆ ಶೇ 1.5 ಬಡ್ಡಿ, ಒಂದು ದಿನ ದಾಟಿದರೂ ಪೂರ್ತಿ ತಿಂಗಳ ಲೆಕ್ಕ. ಜಿಎಸ್‌ಟಿಆರ್-1 ತಪ್ಪಿದರೆ ಗಿರಾಕಿಗಳಿಗೆ 14ಕ್ಕೆ ಸಿಗುವ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ನಿಮ್ಮ ಬಿಲ್ಲು ಕಾಣುವುದಿಲ್ಲ, ಅವರ ತೆರಿಗೆ ಕ್ರೆಡಿಟ್ ನಿಲ್ಲುತ್ತದೆ, ಅವರೆಲ್ಲ ಆ ಹುಡುಗನ ಮೇಲೆ ಕೂಗಾಡುತ್ತಾರೆ. ಇದು ಗೊತ್ತಿದ್ದವನು 10ರ ಸಂಜೆ ಬೇರೆ ಕೆಲಸ ಬದಿಗಿಟ್ಟು ಅದನ್ನು ಮುಗಿಸುತ್ತಾನೆ.

ಇನ್ನು ಆ ಹತ್ತು ಫೋನು. ಅವನು ಕೇಳಿದ್ದು ‘ಹೇಗೆ ಮಾಡಲಿ’ ಅಂತಲೋ, ‘ಮಾಡಲಾ’ ಅಂತಲೋ? ಹೆಚ್ಚಿನವು ಎರಡನೆಯ ಥರದ್ದೇ ಆಗಿರುತ್ತವೆ. ತಾನೇ ಎಷ್ಟರವರೆಗೆ ತೀರ್ಮಾನ ಮಾಡಬಹುದು ಅಂತ ಅವನಿಗೆ ಯಾರೂ ಹೇಳಿಲ್ಲ. ಹಾಗಾಗಿ ಮಿತಿ ಹಾಕಿಕೊಡಿ. ಉದಾಹರಣೆಗೆ, ಸಾಗಣೆ, ಸ್ಟೇಷನರಿ, ರಿಪೇರಿಗೆ 5,000ದವರೆಗೆ ಅವನೇ ಕೊಡಲಿ, ಆಮೇಲೆ ಹೇಳಲಿ. ಅದಕ್ಕಿಂತ ಜಾಸ್ತಿ ಆದರೆ ಮಾಲೀಕರನ್ನು ಕೇಳಲಿ, ನಿಮ್ಮನ್ನಲ್ಲ. ಹೊಸ ಸಪ್ಲೈಯರ್‌ಗೆ ಅಡ್ವಾನ್ಸ್, ಹಳೆಯ ಸಪ್ಲೈಯರ್ ‘ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಕಳಿಸಿದ ಮೇಲ್ – ಇವೆರಡಕ್ಕೆ ಯಾರು ಅವಸರ ಮಾಡಿದರೂ ನೀವು ಬರುವವರೆಗೆ ಕಾಯಬೇಕು. ಎರಡನೆಯದರಲ್ಲಿ ಮೋಸ ಜಾಸ್ತಿ.

ಈ ಮಿತಿಯನ್ನು ಮಾಲೀಕರ ಎದುರಿಗೇ, ಹುಡುಗನನ್ನೂ ಕೂರಿಸಿಕೊಂಡು ಹೇಳಿ. ನೀವಿಬ್ಬರೇ ಮಾತಾಡಿಕೊಂಡರೆ ಮೊದಲ ದಿನವೇ ಮಾಲೀಕರು ‘ನಿನಗ್ಯಾರು ಹೇಳಿದ್ದು’ ಅಂದುಬಿಡುತ್ತಾರೆ. ಅಲ್ಲಿಗೆ ಮತ್ತೆ ನಿಮ್ಮ ಫೋನ್ ಶುರು.

ನೆಟ್ ಬ್ಯಾಂಕಿಂಗ್‌ನಲ್ಲಿ ಪೇಮೆಂಟ್ ಹಾಕುವ ಐಡಿ ನಿಮ್ಮ ಹೆಸರಲ್ಲಿದ್ದರೆ ಪಾಸ್‌ವರ್ಡ್ ಕೊಟ್ಟು ಹೋಗಬೇಡಿ. ಅವನು ಮಾಡಿದ್ದೆಲ್ಲ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. ಅವನಿಗೇ ಬೇರೆ ಐಡಿ ಮಾಡಿಸಿ, ಒಪ್ಪಿಗೆ ಕೊಡುವುದು ಮಾಲೀಕರ ಕೈಲೇ ಇರಲಿ. ಬ್ಯಾಂಕಿನವರು ಫಾರ್ಮು, ಸಹಿ ಅಂತ ದಿನ ತೆಗೆದುಕೊಳ್ಳುತ್ತಾರೆ, ಈ ವಾರವೇ ಅರ್ಜಿ ಕೊಡಿ. ಜಿಎಸ್‌ಟಿಗೆ ಬರುವ ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ ಅಂತಲೂ ನೋಡಿಕೊಳ್ಳಿ. ನಿಮ್ಮ ನಂಬರಿಗೇ ಬರುವುದಾದರೆ, 11ರಂದು ನೀವು ಮದುವೆ ಮನೆಯ ಗದ್ದಲದಲ್ಲಿ ಒಟಿಪಿ ಓದಿ ಹೇಳುತ್ತಿರುತ್ತೀರಿ.

ಹೊರಡುವ ಮುಂಚೆ ಒಂದೆರಡು ದಿನ ಅವನೇ ಕೆಲಸ ಮಾಡಲಿ, ನೀವು ಪಕ್ಕದಲ್ಲಿ ಸುಮ್ನೆ ಕೂತಿರಿ. ಅವನು ಎಲ್ಲಿ ತಡವರಿಸುತ್ತಾನೋ ಆ ಜಾಗ ನಿಮ್ಮ ನೋಟಿನಲ್ಲಿ ಬಿಟ್ಟುಹೋಗಿದೆ ಅಂತ ಅರ್ಥ.

ನಿಮ್ಮ ಬೆಲೆಯ ವಿಷಯ. ಟಿಡಿಎಸ್ ಚಲನ್ ಕಟ್ಟುವುದು ಯಾರಾದರೂ ಕಲಿಯುವ ಕೆಲಸ. ಯಾವ ಬಿಲ್ಲು ತಡೆಯಬೇಕು, ಮಾಲೀಕರಿಗೆ ಯಾವಾಗ ಬೇಡ ಅನ್ನಬೇಕು ಅನ್ನುವುದಕ್ಕೇ ನಿಮ್ಮನ್ನು ಇಟ್ಟುಕೊಂಡಿರುವುದು. ಅದು ಎರಡು ಪುಟದ ನೋಟಿನಲ್ಲಿ ಕೈ ಬಿಟ್ಟು ಹೋಗುವುದಿಲ್ಲ. ಬದಲಿ ಆಳಿಲ್ಲದವರಿಗೆ ಮುಂದಿನ ಸಲ ರಜೆಯೇ ಸಿಗುವುದಿಲ್ಲ, ಅದನ್ನೂ ನೋಡಿ.

17ಕ್ಕೆ ಬಂದಾಗ, ಅವನು ಏನೇನು ತೀರ್ಮಾನ ಮಾಡಿದ ಅಂತ ಅವನಿಂದಲೇ ಕೇಳಿ. ಮಿತಿಯೊಳಗೆ ಮಾಡಿದ್ದನ್ನು, ನಿಮಗೆ ಹಿಡಿಸದಿದ್ದರೂ, ಸಪ್ಲೈಯರ್ ಎದುರು ತಿರುಗಿಸಬೇಡಿ. 20ಕ್ಕೆ ಜಿಎಸ್‌ಟಿಆರ್-3ಬಿ ಇದೆ. ಅದನ್ನು ಅವನ ಪಟ್ಟಿಗೆ ಸೇರಿಸಲೇಬೇಡಿ, ಬಂದ ಮೇಲೆ ನೀವೇ ಮಾಡಿ.