ಸುಣ್ಣ ಹಾಕಿದ ಗಣಿ ನೀರು ಮರುದಿನ ಮತ್ತೆ ಹುಳಿಯಾಗುವುದು ಯಾಕೆ?

ಪ್ರಶ್ನೆ: ಹಳೇ ಗಣಿಗಳಿಂದ ಬರೋ ನೀರು ಆಸಿಡ್ ಆಗಿರುತ್ತಂತೆ, ಯಾಕೆ? ಸುಣ್ಣ ಹಾಕಿ ಪಿಎಚ್ 7ಕ್ಕೆ ತಂದರೂ ಮರುದಿನ ನೋಡಿದರೆ ಮತ್ತೆ ಇಳಿದಿರುತ್ತೆ ಅಂತ ಓದಿದೆ. ಹಾಗಾದ್ರೆ ಸುಣ್ಣ ಕೆಲಸ ಮಾಡಲ್ವಾ?

ಉತ್ತರ:

ಸುಣ್ಣ ಕೆಲಸ ಮಾಡುತ್ತೆ. ಲೆಕ್ಕ ತಪ್ಪಿರುತ್ತೆ, ಅಷ್ಟೇ. ನೀರು ಶುದ್ಧಮಾಡುವ ಕೆಲಸದಲ್ಲಿ ಬಹಳ ವರ್ಷ ಇದ್ದೇನೆ. ಶುರುವಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಗಣಿಯ ಬಾಯಲ್ಲಿ ಹಿಡಿದ ನೀರು ಬಾಟಲಿಯಲ್ಲಿ ಕುಡಿಯುವ ನೀರಿನಷ್ಟೇ ತಿಳಿಯಾಗಿತ್ತು. ಬೆಳಕಿಗೆ ಹಿಡಿದರೆ ಮಾತ್ರ ತುಸು ಹಸಿರು ಛಾಯೆ. ಬೀಕರಿಗೆ ಸುರಿದು, ಸುಣ್ಣದ ತಿಳಿ ಹಾಕಿ, ಮೀಟರಿನಲ್ಲಿ 7 ನೋಡಿ ಮನೆಗೆ ಹೋದೆ. ಬೆಳಗ್ಗೆ ಬಂದಾಗ ಬೀಕರಿನ ತಳದಲ್ಲಿ ಕಾವಿ ಬಣ್ಣದ ಗಸಿ ಕೂತಿತ್ತು. ಪಿಎಚ್ 4ಕ್ಕಿಂತ ಕೆಳಗಿತ್ತು. ಹೊರಗಿನಿಂದ ಯಾರೂ ಏನೂ ಹಾಕಿರಲಿಲ್ಲ. ಆ ಆಸಿಡ್ ಮೊದಲೇ ನೀರಲ್ಲಿತ್ತು, ಕಬ್ಬಿಣದೊಳಗೆ ಅಡಗಿತ್ತು.

ಅದು ಅಲ್ಲಿಗೆ ಬಂದದ್ದು ಪೈರೈಟ್‌ನಿಂದ. ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದ ಹಾಗೆ ಹೊಳೆಯುವ ಹಳದಿ ಕಲ್ಲು ಅದು. ತಾಮ್ರ, ಸತು, ತವರದ ಅದಿರಿನ ಜೊತೆಗೆ, ಕೆಲವು ಕಡೆ ಕಲ್ಲಿದ್ದಲಿನ ಜೊತೆಗೂ ಇರುತ್ತೆ. ನೆಲದಾಳದಲ್ಲಿ ಗಾಳಿ ತಾಗದೆ ಇದ್ದಷ್ಟು ದಿನ ಸುಮ್ನೆ ಇರುತ್ತೆ. ಗಣಿ ತೋಡಿದಾಗ ಗಾಳಿ, ನೀರು ಎರಡೂ ಒಳಗೆ ಬರುತ್ತವೆ. ಆಗ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತೆ, ಕಬ್ಬಿಣ ನೀರಲ್ಲಿ ಕರಗುತ್ತೆ.

ಇಷ್ಟೇ ಆಗಿದ್ದರೆ ಕೆಲಸ ನಿಧಾನವಾಗಿ ನಡೆಯುತ್ತಿತ್ತು. ಆದರೆ ಕರಗಿದ ಕಬ್ಬಿಣಕ್ಕೆ ಎರಡು ರೂಪ ಇವೆ: ಫೆರಸ್ ಮತ್ತು ಫೆರಿಕ್. ಪೈರೈಟ್‌ನಿಂದ ಹೊರಬರುವುದು ಫೆರಸ್. ಅದು ಆಮ್ಲಜನಕದ ಜೊತೆ ಸೇರಿ ಫೆರಿಕ್ ಆದರೆ, ಆ ಫೆರಿಕ್ ತಿರುಗಿ ಪೈರೈಟ್ ಅನ್ನೇ ತಿನ್ನುತ್ತೆ, ಅದೂ ಗಾಳಿಗಿಂತ ವೇಗವಾಗಿ. ತಿಂದ ಮೇಲೆ ಮತ್ತೆ ಫೆರಸ್ ಆಗುತ್ತೆ. ಚಕ್ರ ಹೀಗೆ ತಿರುಗುತ್ತಲೇ ಇರುತ್ತೆ. ಹುಳಿ ನೀರಲ್ಲಿ ಫೆರಸ್ ಫೆರಿಕ್ ಆಗುವುದು ತೀರಾ ನಿಧಾನ, ಆದ್ದರಿಂದ ಚಕ್ರ ಅಲ್ಲೇ ನಿಲ್ಲಬೇಕಿತ್ತು. ನಿಲ್ಲದಿರುವುದಕ್ಕೆ ಕಾರಣ ಆಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್‌ನಂಥ ಬ್ಯಾಕ್ಟೀರಿಯಾ. ಅವುಗಳಿಗೆ ಬದುಕೋ ಶಕ್ತಿ ಸಿಗುವುದೇ ಈ ಕೆಲಸದಿಂದ. ಅವು ಇದ್ದರೆ ಈ ಹೆಜ್ಜೆ ಹತ್ತು ಲಕ್ಷ ಪಟ್ಟಿನವರೆಗೆ ವೇಗವಾಗುತ್ತೆ. ಹುಳಿ ನೀರೇ ಅವುಗಳಿಗೆ ಹಿತ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಗಣಿಯಿಂದ ಹೊರಗೆ ಬರುವ ನೀರಲ್ಲಿ ಫೆರಸ್ ಕಬ್ಬಿಣ ಬೇಕಾದಷ್ಟಿರುತ್ತೆ. ಗಾಳಿ ತಾಗಿದ ಮೇಲೆ ಅದು ತುಕ್ಕಾಗಿ ತಳಕ್ಕೆ ಇಳಿಯುತ್ತೆ, ಇಳಿಯುವಾಗ ಆಸಿಡ್ ಬಿಟ್ಟು ಹೋಗುತ್ತೆ:

```
4Fe²⁺ + O₂ + 10H₂O → 4Fe(OH)₃ + 8H⁺
```

ಒಂದು ಲೆಕ್ಕ ಹಾಕಿ ನೋಡೋಣ. ಪಿಎಚ್ 3 ಇರುವ 10 ಲಕ್ಷ ಲೀಟರ್ ನೀರು, ಲೀಟರಿಗೆ 300 ಮಿಲಿಗ್ರಾಂ ಫೆರಸ್ ಕಬ್ಬಿಣ ಅಂತಿಟ್ಟುಕೊಳ್ಳಿ. ಪಿಎಚ್ ಮೀಟರ್ ತೋರಿಸುವ ಆಸಿಡ್ ತಣಿಸಲು 37 ಕೆಜಿ ಅರಳಿಸಿದ ಸುಣ್ಣ ಸಾಕು. ಕಬ್ಬಿಣದೊಳಗಿನ ಆಸಿಡ್‌ಗೆ ಬೇಕಾಗುವುದು ಇನ್ನೂ ಸುಮಾರು 400 ಕೆಜಿ! ಮೀಟರ್ ನೋಡಿ ಸುಣ್ಣ ಹಾಕಿದವರು ಹತ್ತರಲ್ಲಿ ಒಂದು ಪಾಲೂ ಹಾಕಿರುವುದಿಲ್ಲ. ಅಲ್ಯೂಮಿನಿಯಂ ಇದ್ದರೆ ಅದರ ಪಾಲು ಬೇರೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನ ವೀಲ್ ಜೇನ್ ತವರದ ಗಣಿಯಲ್ಲಿ ಈ ಕಥೆ ಪೂರ್ತಿ ಕಾಣುತ್ತೆ. 1991ರಲ್ಲಿ ಗಣಿ ಮುಚ್ಚಿತು, ನೀರೆತ್ತುವ ಪಂಪುಗಳೂ ನಿಂತವು. ಗಣಿ ನಡೆಯುತ್ತಿದ್ದಾಗ ಸುರಂಗದ ಗೋಡೆಗಳು ಗಾಳಿಗೆ ತೆರೆದುಕೊಂಡಿದ್ದವು. ಅಂಥ ಗೋಡೆಗಳ ಮೇಲೆ ಆಸಿಡ್ ಮತ್ತು ಲೋಹ ಉಪ್ಪಿನ ರೂಪದಲ್ಲಿ ಒಣಗಿ ಕೂತಿರುತ್ತೆ. ನೀರು ಮೇಲೇರಿದಾಗ ಅಷ್ಟೂ ಒಟ್ಟಿಗೆ ಕರಗುತ್ತೆ. ಅದಕ್ಕೇ ಮುಚ್ಚಿದ ಗಣಿಯಿಂದ ಉಕ್ಕುವ ಮೊದಲ ನೀರು ಅತಿ ಕೆಟ್ಟದ್ದಾಗಿರುತ್ತೆ. 1992ರ ಜನವರಿಯಲ್ಲಿ ಒಂದು ಸುರಂಗದ ಬಾಯಿಗೆ ಹಾಕಿದ್ದ ತಡೆ ಒಡೆದು, ಸುಮಾರು 5 ಕೋಟಿ ಲೀಟರ್ ನೀರು ಕಾರ್ನನ್ ನದಿಗೆ ನುಗ್ಗಿತು. ಅಲ್ಲಿಂದ ಫಾಲ್ ನದೀಮುಖದವರೆಗೆ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಆ ಬಣ್ಣ ಕಬ್ಬಿಣದ್ದು. ಕಣ್ಣಿಗೆ ಕಾಣದೆ ಅದರ ಜೊತೆ ಹೋದದ್ದು ಸತು, ಕ್ಯಾಡ್ಮಿಯಂ, ಆರ್ಸೆನಿಕ್. ಮೀನಿಗೆ ಅಪಾಯ ಅವುಗಳಿಂದಲೇ ಜಾಸ್ತಿ.

ಮೊದಲು ಅಲ್ಲಿ ತಾತ್ಕಾಲಿಕವಾಗಿ ಸುಣ್ಣ ಹಾಕಿದರು. 2000ದಲ್ಲಿ ಕಾಯಂ ಘಟಕ ಶುರುವಾಯಿತು. ಇಂಥ ಘಟಕದಲ್ಲಿ ಗಣಿ ನೀರಿಗೆ ಸುಣ್ಣ ಬೆರೆಸಿ, ತಳದಿಂದ ಗಾಳಿ ಊದುತ್ತಾರೆ. ಪಿಎಚ್ ಏರಿದ ಹಾಗೆ ಫೆರಸ್ ಬೇಗ ಫೆರಿಕ್ ಆಗುತ್ತೆ. ಒಂದು ಅಂಕ ಏರಿದರೆ ವೇಗ ಸುಮಾರು ನೂರು ಪಟ್ಟು. ನನ್ನ ಬೀಕರಿನಲ್ಲಿ ರಾತ್ರಿಯಿಡೀ ನಡೆದದ್ದು ಇಲ್ಲಿ ತೊಟ್ಟಿಯೊಳಗೇ ಮುಗಿಯುತ್ತೆ. ಬಿಡುಗಡೆಯಾದ ಆಸಿಡ್‌ಗೆ ಅಲ್ಲೇ ಸುಣ್ಣವೂ ಸಿಗುತ್ತೆ.

7ಕ್ಕೆ ನಿಲ್ಲಿಸದೆ 9ರ ಆಸುಪಾಸಿಗೆ ಒಯ್ಯುವುದಕ್ಕೆ ಇನ್ನೊಂದು ಕಾರಣ ಇದೆ. ಫೆರಿಕ್ ಕಬ್ಬಿಣ 3.5ರ ಹತ್ತಿರವೇ ತಳಕ್ಕಿಳಿಯುತ್ತೆ, ಅಲ್ಯೂಮಿನಿಯಂ 5ರ ಹತ್ತಿರ. ಸತು ಚೆನ್ನಾಗಿ ಇಳಿಯಬೇಕಾದರೆ 9 ಬೇಕು. ನೀರು ತಿಳಿಯಾಯಿತು ಅಂತ ನಿಲ್ಲಿಸಿದರೆ ಸತು ಹಾಗೇ ನದಿಗೆ ಹೋಗುತ್ತೆ. ಹಾಗಂತ ಇನ್ನೂ ಮೇಲೆ ಒಯ್ದರೆ, ಇಳಿದಿದ್ದ ಅಲ್ಯೂಮಿನಿಯಂ ಮತ್ತೆ ಕರಗಲು ಶುರುವಾಗುತ್ತೆ.

ಸುಣ್ಣದ ಬದಲು ಅಗ್ಗದ ಸುಣ್ಣದಕಲ್ಲು ಸುರಿದರೆ ಸಾಲದೇ ಅಂತ ಬಹಳ ಜನ ಕೇಳುತ್ತಾರೆ. ತೆರೆದ ಕಾಲುವೆಗೆ ಸುರಿದರೆ ಕಲ್ಲಿನ ಮೇಲೆ ತುಕ್ಕಿನ ಪದರ ಕಟ್ಟಿಕೊಳ್ಳುತ್ತೆ, ಒಳಗಿನ ಸುಣ್ಣಕ್ಕೆ ನೀರು ತಾಗುವುದೇ ಕಷ್ಟ. ಅಂಥ ಕಲ್ಲನ್ನು ಒಡೆದು ನೋಡಿದ್ದೇನೆ. ಹೊರಗೆ ಇಟ್ಟಿಗೆ ಬಣ್ಣ, ಒಳಗೆ ಹೊಸದರ ಹಾಗೆ ಬೆಳ್ಳಗೆ. ಗಾಳಿಯಾಡದಂತೆ ಕಲ್ಲನ್ನು ನೆಲದಡಿ ಹೂತು, ಅದರೊಳಗೆ ನೀರು ಹರಿಸುವ ವಿಧಾನವೂ ಇದೆ. ಅದು ನಡೆಯುವುದು ನೀರಲ್ಲಿ ಫೆರಿಕ್, ಅಲ್ಯೂಮಿನಿಯಂ ಎರಡೂ ಹೆಚ್ಚುಕಡಿಮೆ ಇಲ್ಲದಿದ್ದಾಗ ಮಾತ್ರ. ಇದ್ದರೆ ಕಟ್ಟಿಕೊಳ್ಳುತ್ತೆ.

ನೀರಿಗಿಂತ ದೊಡ್ಡ ತಲೆನೋವು ಗಸಿಯದು. ಬರೀ ಸುಣ್ಣ ಹಾಕಿದಾಗ ಬರುವ ಗಸಿ ತೆಳು ಅಂಬಲಿ ಇದ್ದ ಹಾಗೆ, ನೂರು ಕೆಜಿಯಲ್ಲಿ ಕೆಲವೇ ಕೆಜಿ ಗಟ್ಟಿ ಪದಾರ್ಥ. ಅದಕ್ಕೆ ವೀಲ್ ಜೇನ್‌ನಲ್ಲಿ ತಳದ ಗಸಿಯ ಒಂದಷ್ಟು ಪಾಲನ್ನು ವಾಪಸ್ ತಂದು, ಅದರ ಜೊತೆಗೇ ಸುಣ್ಣ ಸೇರಿಸಿ ಬಳಸುತ್ತಾರೆ. ಹೊಸ ಗಸಿ ಹಳೆಯ ಕಣಗಳ ಮೇಲೇ ಬೆಳೆದು ಗಟ್ಟಿಯಾಗುತ್ತೆ. ಈ ವಿಧಾನದಲ್ಲಿ ಗಟ್ಟಿ ಪದಾರ್ಥ ನೂರಕ್ಕೆ ಇಪ್ಪತ್ತು ದಾಟಬಹುದು. ಆದರೂ ಸಲ್ಫೇಟ್ ಪೂರ್ತಿ ಹೋಗುವುದಿಲ್ಲ. ಒಂದಷ್ಟು ಜಿಪ್ಸಮ್ ಆಗಿ ಇಳಿದರೂ, ಲೀಟರಿಗೆ ಒಂದೂವರೆ–ಎರಡು ಗ್ರಾಂ ನೀರಲ್ಲೇ ಉಳಿಯಬಹುದು. ಆ ನೀರು ಹುಳಿಯಿಲ್ಲ, ಕುಡಿಯೋಕೂ ಆಗಲ್ಲ.

ನಮ್ಮ ಸಂಡೂರು, ಬಳ್ಳಾರಿ ಕಡೆ ಮಳೆಗಾಲದಲ್ಲಿ ಹರಿಯುವ ಕೆಂಪು ನೀರನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿನ ಅದಿರು ಮುಖ್ಯವಾಗಿ ಹೆಮಟೈಟ್, ಅದರಲ್ಲಿ ಗಂಧಕವಿಲ್ಲ. ಆ ಕೆಂಪು, ಅದಿರಿನ ಪುಡಿಯದು. ಬಕೆಟ್‌ನಲ್ಲಿಟ್ಟರೆ ಪುಡಿ ತಳ ಸೇರುತ್ತೆ, ಪಿಎಚ್ ಇಳಿಯುವುದಿಲ್ಲ. ಪೈರೈಟ್ ನೀರು ಇದರ ತದ್ವಿರುದ್ಧ: ತಿಳಿಯಾಗಿ ಬಂದು, ಇಟ್ಟಲ್ಲೇ ಕೆಂಪಾಗಿ ಹುಳಿಯಾಗುತ್ತೆ.

ನಿಮ್ಮ ಹತ್ತಿರ ಅಂಥ ನೀರೇನಾದರೂ ಇದ್ದರೆ ಲ್ಯಾಬಿನಲ್ಲಿ ಪಿಎಚ್ ಒಂದನ್ನೇ ಕೇಳಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕುದಿಸಿ ಅಳೆಯುವ ಒಟ್ಟು ಆಮ್ಲೀಯತೆ ಬೇಕು ಅಂತ ಕೇಳಿ. ಪೆರಾಕ್ಸೈಡ್ ಆ ಫೆರಸ್ ಅನ್ನೆಲ್ಲಾ ಅಲ್ಲೇ ಫೆರಿಕ್ ಮಾಡುತ್ತೆ, ಅಡಗಿದ ಆಸಿಡ್ ಹೊರಗೆ ಬರುತ್ತೆ. ಬಾಟಲಿಯನ್ನು ಗಾಳಿಗೆ ಜಾಗವಿಲ್ಲದಂತೆ ಕಂಠದವರೆಗೆ ತುಂಬಿಸಿ, ಅದೇ ದಿನ ಲ್ಯಾಬಿಗೆ ಮುಟ್ಟಿಸಿ.