ಮುಂದಿನ ಬಸ್ ಯಾವುದು ಎಂದು ಹ್ಯಾಶ್ ಟೇಬಲ್ ಹೇಳಲಾರದು

“ಮಾನ್ಯ ಸಂಪಾದಕರೇ, ಹ್ಯಾಶ್ ಟೇಬಲ್ ಇರುವಾಗ ಸರ್ಚ್ ಟ್ರೀ ಬೇಕಿಲ್ಲ ಎಂದು ವಾದಿಸುವ ಲೇಖನವೊಂದನ್ನು ಕಳುಹಿಸಿದ್ದೇನೆ. ಪ್ರಕಟಣೆಗೆ ಯೋಗ್ಯವೇ, ದಯವಿಟ್ಟು ತಿಳಿಸಿ.”

ನಮಸ್ಕಾರ. ನಿಮ್ಮ ಭಾಷೆ ತಿಳಿಯಾಗಿದೆ, ಹ್ಯಾಶ್ ಫಂಕ್ಷನ್ನಿನ ವಿವರಣೆಯೂ ಸರಿಯಾಗಿದೆ. ಆದರೆ ಎರಡು ವಾಕ್ಯಗಳನ್ನು ತಿದ್ದದ ಹೊರತು ಲೇಖನವನ್ನು ಪ್ರಕಟಿಸಲಾರೆ.

“ಹ್ಯಾಶ್ ಟೇಬಲ್‌ನಲ್ಲಿ ಹುಡುಕಾಟ O(1), ಟ್ರೀಯಲ್ಲಿ O(log n), ಆದ್ದರಿಂದ ಟ್ರೀ ಅನಗತ್ಯ” ಎಂದಿದ್ದೀರಿ. O(1) ಎಂದರೆ ಅಂಶಗಳು ಎಷ್ಟೇ ಇದ್ದರೂ ಸಮಯ ಬೆಳೆಯದು, O(log n) ಎಂದರೆ ಅಂಶಗಳು ದುಪ್ಪಟ್ಟಾದಾಗ ಸುಮಾರು ಒಂದು ಹೆಜ್ಜೆಯಷ್ಟೇ ಹೆಚ್ಚುತ್ತದೆ; ಆದರೆ ಆ O(1) ಎಂಬುದು ಸರಾಸರಿಯ ಮಾತು ಎಂಬುದನ್ನು ಬಿಟ್ಟಿದ್ದೀರಿ. ಅದಕ್ಕಿಂತ ನನ್ನನ್ನು ಕೆರಳಿಸಿದ್ದು ಆ ‘ಆದ್ದರಿಂದ’. ನೀವೇ ಕೊಟ್ಟ ಬಸ್ ವೇಳಾಪಟ್ಟಿಯನ್ನು ನೋಡಿ. ಬಸ್ಸುಗಳು 10:00, 10:15, 10:40 ಮತ್ತು 11:30ಕ್ಕೆ ಹೊರಡುತ್ತವೆ. 10:20ಕ್ಕೆ ಬಂದ ಪ್ರಯಾಣಿಕರು ಮುಂದಿನ ಬಸ್ ಯಾವುದೆಂದು ಕೇಳುತ್ತಾರೆ. 10:20 ಎಂಬ ಕೀ ಇಲ್ಲ ಎಂದಷ್ಟೇ ಹ್ಯಾಶ್ ಟೇಬಲ್ ಹೇಳುತ್ತದೆ, ಏಕೆಂದರೆ ಅಕ್ಕಪಕ್ಕದ ವೇಳೆಗಳು ಅದರಲ್ಲಿ ಪರಸ್ಪರ ಸಂಬಂಧವಿಲ್ಲದ ಬಕೆಟ್‌ಗಳಿಗೆ ಬೀಳುತ್ತವೆ. ಉತ್ತರ ಬೇಕಾದರೆ ಎಲ್ಲ ಕೀಗಳನ್ನೂ ನೋಡಬೇಕು. ಸರ್ಚ್ ಟ್ರೀಯಲ್ಲಿ ಪ್ರತಿ ನೋಡ್‌ನ ಎಡಕ್ಕೆ ಅದಕ್ಕಿಂತ ಚಿಕ್ಕ ಕೀಗಳು, ಬಲಕ್ಕೆ ದೊಡ್ಡವು ಇರುತ್ತವೆ. ಅದರ ಬೇರಿನಲ್ಲಿ 10:40, ಅದರ ಎಡಕ್ಕೆ 10:00, ಆ 10:00ರ ಬಲಕ್ಕೆ 10:15 ಇದೆ ಎನ್ನೋಣ. 10:20 ಚಿಕ್ಕದಾದ್ದರಿಂದ 10:40ನ್ನು ನೆನಪಿಟ್ಟುಕೊಂಡು ಎಡಕ್ಕೆ ಇಳಿಯುತ್ತೇವೆ, 10:00ರಲ್ಲಿ ಬಲಕ್ಕೆ, 10:15ರಲ್ಲಿ ಮತ್ತೆ ಬಲಕ್ಕೆ ತಿರುಗುತ್ತೇವೆ. ಅಲ್ಲಿ ದಾರಿ ಮುಗಿಯುತ್ತದೆ, ನೆನಪಿಟ್ಟ 10:40 ಉತ್ತರವಾಗುತ್ತದೆ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಯಾವ ವಿನ್ಯಾಸವನ್ನು ತೋರಿಸಿದರೂ “ಇಲ್ಲದ ಕೀಯನ್ನು ಕೇಳಿದರೆ ಇದು ಏನು ಕೊಡುತ್ತದೆ?” ಎಂದೇ ಮೊದಲು ಕೇಳುತ್ತಿದ್ದರು, ಉತ್ತರ ಸಿಗುವವರೆಗೆ ವೇಗದ ಮಾತನ್ನು ಎತ್ತಲು ಬಿಡುತ್ತಿರಲಿಲ್ಲ. ನಿಮ್ಮ ಹಸ್ತಪ್ರತಿಯಲ್ಲಿ ಆ ಪ್ರಶ್ನೆ ಎಲ್ಲಿಯೂ ಬರುವುದಿಲ್ಲ.

ಎರಡನೆಯ ವಾಕ್ಯ: “ಕ್ರಮ ಬೇಕಿದ್ದರೆ ಸಾರ್ಟೆಡ್ ಅರೇ ಸಾಕು, ಅದರಲ್ಲಿ ಸೇರಿಸುವುದೂ O(log n).” ಇಲ್ಲಿ ಜಾಗ ಹುಡುಕುವುದನ್ನೂ ಜಾಗ ಮಾಡುವುದನ್ನೂ ಒಂದೇ ಎಂದುಕೊಂಡಿದ್ದೀರಿ. 10 ಲಕ್ಷ ಅಂಶಗಳಿದ್ದರೆ ಜಾಗವು ಸುಮಾರು 20 ಹೋಲಿಕೆಗಳಲ್ಲಿ ಸಿಗುತ್ತದೆ ನಿಜ, ಆದರೆ ಹೊಸದನ್ನು ಕೂರಿಸಲು ಅದರ ನಂತರದವನ್ನೆಲ್ಲ ಒಂದೊಂದು ಸ್ಥಾನ ಮುಂದೆ ಸರಿಸಬೇಕು, ಅಂದರೆ ಸರಾಸರಿ 5 ಲಕ್ಷ ಅಂಶಗಳನ್ನು. ವೇಳಾಪಟ್ಟಿ ವರ್ಷಕ್ಕೊಮ್ಮೆ ಮಾತ್ರ ಬದಲಾಗುವುದಾದರೆ ನಾನೂ ಅರೇಯನ್ನೇ ಆರಿಸುತ್ತೇನೆ: ಅಂಶಗಳು ಮೆಮೊರಿಯಲ್ಲಿ ಒತ್ತಾಗಿ ಕುಳಿತಿರುತ್ತವೆ, ಪಾಯಿಂಟರ್‌ಗಳ ಹೊರೆಯಿಲ್ಲ. ಬಸ್ಸುಗಳು ದಿನವಿಡೀ ಸೇರುತ್ತ, ರದ್ದಾಗುತ್ತ ಇದ್ದು, ನಡುನಡುವೆ ‘ಮುಂದಿನದು ಯಾವುದು’ ಎಂಬ ಪ್ರಶ್ನೆಯೂ ಬರುತ್ತಿದ್ದರೆ ಟ್ರೀ ಬೇಕು.

ಅದೂ ಸಮತೋಲನ ಕಾಯ್ದುಕೊಳ್ಳುವ ಟ್ರೀ ಎಂದು ಬರೆಯಿರಿ. ವೇಳೆಗಳನ್ನು ಏರುಕ್ರಮದಲ್ಲೇ ಸೇರಿಸುತ್ತ ಹೋದರೆ ಸಾದಾ ಟ್ರೀಯಲ್ಲಿ ಪ್ರತಿ ನೋಡ್ ಹಿಂದಿನದರ ಬಲಕ್ಕೇ ಜೋತುಬಿದ್ದು, 10 ಲಕ್ಷ ಅಂಶಗಳಿಗೆ ಅಷ್ಟೇ ಆಳವಾಗುತ್ತದೆ. ಸಮತೋಲನ ಕಾಯುವ ರೆಡ್-ಬ್ಲ್ಯಾಕ್ ಟ್ರೀಯಲ್ಲಿ ಆಳ 40ರ ಆಸುಪಾಸನ್ನು ಮೀರದು. ಇದನ್ನು ಸೇರಿಸಿ ಮತ್ತೆ ಕಳುಹಿಸಿ, ಓದುತ್ತೇನೆ.